ಸಾರಿನ ಪಾತ್ರೆ ಕೆಳಗೆ ಪೇಪರ್ ಅಂಟ್ಕೊಂಡ ಕಥೆ: ಒಂದು ತೇಗದ ಡೈನಿಂಗ್ ಟೇಬಲ್‌ಗೆ ಯಾವ ಪಾಲಿಶ್?

ಗಣೇಶನ ಹಬ್ಬ ಮುಗಿದು ಮೂರನೇ ದಿನ ದೊಡ್ಡಮ್ಮ ಫೋನ್ ಮಾಡಿದ್ರು, "ಲೋ, ಟೇಬಲ್ ಹಾಳಾಗೋಯ್ತು ಕಣೋ, ಬಂದು ನೋಡು" ಅಂತ. ಮೈಸೂರಲ್ಲಿ ನಂದೊಂದು ಸಣ್ಣ ಮರಗೆಲಸದ ಶೆಡ್ ಇದೆ, ಆದ್ರೆ ಈ ಟೇಬಲ್ ನಾನು ಮಾಡಿದ್ದಲ್ಲ. ಊರಿನ ಹಳೇ ಮನೆ ಬಿಚ್ಚಿದಾಗ ಸಿಕ್ಕ ತೇಗದ ತೊಲೆ ಕುಯ್ಸಿ ಬೇರೆ ಒಬ್ರು ಬಡಗಿ ಹತ್ರ ಮಾಡಿಸಿದ್ದು. ಆರಡಿ ಉದ್ದ ಮೂರಡಿ ಅಗಲ, ಪ್ಲೈ ಗೀಯ್ ಏನಿಲ್ಲ, ಪೂರ್ತಿ ಗಟ್ಟಿ ಮರ. ಮನೇಲಿ ಆರು ಜನ, ದೊಡ್ಡಮ್ಮ ದೊಡ್ಡಪ್ಪ ಅಣ್ಣ ಅತ್ತಿಗೆ ಎರಡು ಮಕ್ಕಳು. ಅಂದ್ರೆ ಆ ಟೇಬಲ್‌ಗೆ ದಿನಕ್ಕೆ ಮೂರು ಸಲ ಪರೀಕ್ಷೆ.

ಹೋಗಿ ನೋಡ್ತೀನಿ, ಮಧ್ಯದಲ್ಲಿ ಸಾರಿನ ಪಾತ್ರೆ ತಳದಷ್ಟೇ ಅಳತೆಯ ಬಿಳಿ ಉಂಗುರ, ಅದರ ಪಕ್ಕ ಇನ್ನೊಂದು ಅರ್ಧ ಉಂಗುರ. ಇನ್ನೊಂದು ಕಡೆ ನ್ಯೂಸ್‌ಪೇಪರ್ ಅಂಟ್ಕೊಂಡಿತ್ತು. ಬಿಸಿ ಪಾತ್ರೆ ಇಡೋಕೆ ಅಂತ ಮಡಚಿದ ಪೇಪರ್ ಹಾಕಿದ್ರಂತೆ, ಊಟ ಆದ್ಮೇಲೆ ಕಿತ್ತರೆ ಒಂದು ಪದರ ಅಲ್ಲೇ ಉಳ್ಕೊಂಡಿದೆ. ಒದ್ದೆ ಬಟ್ಟೇಲಿ ಉಜ್ಜಿ ಉಜ್ಜಿ ಕಾಗದ ಹೋಗಿದೆ, ಶಾಯಿ ಹೋಗಿಲ್ಲ. ಬಗ್ಗಿ ನೋಡಿದ್ರೆ ಪಾಲಿಶ್ ಒಳಗೆ ಯಾವುದೋ ಜಾಹೀರಾತಿನ ಕನ್ನಡ ಅಕ್ಷರಗಳು ಕನ್ನಡೀಲಿ ಕಂಡ ಹಾಗೆ ತಿರುಗುಮುರುಗಾಗಿ ಅಚ್ಚಾಗಿವೆ. ಚಿಕ್ಕ ಹುಡುಗಿ ಕನ್ನಡಿ ತಂದು ಅದನ್ನ ಓದ್ತಿದ್ಲು.

ಈ ಎರಡು ಗುರುತು ನೋಡಿದ ತಕ್ಷಣ ಅದು ಅರಗನ್ನ ಸ್ಪಿರಿಟಲ್ಲಿ ಕರಗಿಸಿ ಹಚ್ಚೋ ಸ್ಪಿರಿಟ್ ಪಾಲಿಶ್ ಅಂತ ಮುಕ್ಕಾಲು ಪಾಲು ಗೊತ್ತಾಯ್ತು, ಆದ್ರೂ ಖಾತ್ರಿ ಮಾಡ್ಕೊಳೋದು ಒಳ್ಳೇದು, ಯಾಕಂದ್ರೆ ಕೆಳಗಿರೋದು ಏನು ಅಂತ ತಿಳೀದೆ ಮೇಲೆ ಇನ್ನೊಂದು ಹೊಡೆದ್ರೆ ಅದು ಸಿಪ್ಪೆ ಥರ ಏಳುತ್ತೆ. ಪರೀಕ್ಷೆ ಸುಲಭ. ಟೇಬಲ್ ಅಂಚಿನ ಕೆಳಭಾಗದಲ್ಲಿ, ಕಾಣದ ಜಾಗದಲ್ಲಿ, ಹತ್ತಿಗೆ ಸ್ಪಿರಿಟ್ ಅದ್ದಿ ಅರ್ಧ ನಿಮಿಷ ಒತ್ತಿ ಹಿಡೀಬೇಕು. ಅಂಟಂಟಾಗಿ ಹತ್ತಿಗೆ ಬಣ್ಣ ಬಂದ್ರೆ ಅರಗು, ಅಂದ್ರೆ ಸ್ಪಿರಿಟ್ ಪಾಲಿಶ್. ಸ್ಪಿರಿಟ್‌ಗೆ ಹೆಚ್ಚೇನೂ ಆಗದೆ ಎನ್‌ಸಿ, ಅಂದ್ರೆ ನೈಟ್ರೋಸೆಲ್ಯುಲೋಸ್, ಥಿನ್ನರ್‌ಗೆ ಚೆನ್ನಾಗಿ ಕರಗಿದ್ರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದೇ ಇದ್ರೆ ಮೆಲಮೈನೋ, ಪಾಲಿಯುರೆಥೇನ್ ಅಂದ್ರೆ ಪಿಯುನೋ, ಚೆನ್ನಾಗಿ ಒಣಗಿದ ವಾರ್ನಿಶೋ. ನೀರಿನ ಹನಿ ಇಟ್ರೆ ನಿಧಾನಕ್ಕೆ ಒಳಗೆ ಇಳಿದು ಕಪ್ಪಾಗ್ತಾ ಹೋದ್ರೆ ಮೇಲೆ ಪದರನೇ ಇಲ್ಲ, ಬರೀ ಎಣ್ಣೆನೋ ಮೇಣನೋ. ಇಲ್ಲಿ ಸ್ಪಿರಿಟ್ ಮುಟ್ಟಿಸಿದ ಹತ್ತೇ ಸೆಕೆಂಡಿಗೆ ಹತ್ತಿ ಅಂಟ್ಕೊಳ್ತು.

ಅರಗು ಬಿಸಿಗೆ ಯಾಕೆ ತಡೆಯಲ್ಲ ಅಂತ ನಮ್ಮ ಕಡೆಯವರಿಗೆ ಹೇಳಿಕೊಡೋದೇ ಬೇಡ, ಚನ್ನಪಟ್ಟಣದ ಗೊಂಬೆ ಮಾಡೋದನ್ನ ಒಂದ್ಸಲ ನಿಂತು ನೋಡಿದ್ರೆ ಸಾಕು. ಮರದ ತುಂಡು ಲೇತಲ್ಲಿ ತಿರುಗ್ತಾ ಇರುತ್ತೆ, ಬಣ್ಣದ ಅರಗಿನ ಕಡ್ಡಿ ಅದಕ್ಕೆ ಒತ್ತಿ ಹಿಡೀತಾರೆ, ಬರೀ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ಕೊಳುತ್ತೆ. ಬಿಸಿಗೆ ಹತ್ತಿದ್ದು ಬಿಸಿಗೇ ಏಳುತ್ತೆ. ಅರಗು ಹೆಚ್ಚುಕಮ್ಮಿ 75-80 ಡಿಗ್ರಿಲಿ ಕರಗುತ್ತೆ, ಅದಕ್ಕೂ ಮುಂಚೆನೇ ಮೆತ್ತಗಾಗುತ್ತೆ. ಒಲೆಯಿಂದ ಈಗಷ್ಟೇ ಇಳಿಸಿದ ಸಾರಿನ ತಳ ನೂರರ ಹತ್ರ ಇರುತ್ತೆ. ಮೆತ್ತಗಾದ ಅರಗಿಗೆ ಪೇಪರ್ ಶಾಯಿ ಅಚ್ಚಾಗದೆ ಇನ್ನೇನಾಗುತ್ತೆ. (ಪಾಂಡವರಿಗೆ ಕಟ್ಟಿಸಿದ್ದ ಅರಗಿನ ಮನೆ ನೆನಪಾಗಿ ಅಣ್ಣನ ಮುಂದೆ ಹೇಳ್ದೆ, ಅವನಿಗೆ ನಗು ಬರ್ಲಿಲ್ಲ, ದುಡ್ಡು ಕೊಟ್ಟಿದ್ದು ಅವನು.)

ಅತ್ತಿಗೆ ಇದನ್ನೆಲ್ಲ ಮುಚ್ಚೋಕೆ ಅಂತ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ತರೋರಿದ್ರು. ಬೇಡ ಅಂದೆ. ಆ ಮೆತ್ತನೆ ಪಿವಿಸಿ ಶೀಟ್ ಮೆತ್ತಗಿರೋಕೆ ಅದರೊಳಗೆ ಎಣ್ಣೆ ಥರದ ಒಂದು ದ್ರವ ಸೇರಿಸಿರ್ತಾರೆ, ಅದು ತಿಂಗಳುಗಟ್ಟಲೆ ನಿಧಾನವಾಗಿ ಪಾಲಿಶ್‌ಗೆ ಇಳಿದು ಪಾಲಿಶನ್ನೂ ಮೆತ್ತಗೆ ಮಾಡುತ್ತೆ, ಕೊನೆಗೆ ಶೀಟು ಪಾಲಿಶು ಎರಡೂ ಒಂದೇ ಆಗಿ ಕೂತ್ಕೊಳುತ್ತೆ. ಅದರಲ್ಲೂ ಅರಗು ಮತ್ತೆ ಎನ್‌ಸಿ ಲ್ಯಾಕರ್ ಮೇಲೆ ಇದು ಜಾಸ್ತಿ. ಇನ್ನು ಶೀಟ್ ಕೆಳಗೆ ನೀರು ಸೇರ್ಕೊಂಡ್ರೆ ಹೊರಗೆ ಬರೋಕೆ ದಾರಿನೇ ಇಲ್ಲ.

ಬಿಳಿ ಉಂಗುರ ಒಂದು ಮಟ್ಟಿಗೆ ತೆಗೀಬಹುದು. ಬಿಳಿ ಕಲೆ ಅಂದ್ರೆ ತೇವ ಪಾಲಿಶ್ ಪದರದೊಳಗೇ ಸಿಕ್ಕಾಕೊಂಡಿದೆ, ಮರಕ್ಕೆ ಇನ್ನೂ ಇಳಿದಿಲ್ಲ ಅಂತ ಅರ್ಥ. ಚೂರು ಕೊಬ್ಬರಿ ಎಣ್ಣೆಗೆ ವಿಭೂತಿ ಕಲಸಿ ಬೆರಳಲ್ಲಿ ನಯವಾಗಿ ತಿಕ್ಕಿದೆ, ಅರ್ಧ ಉಂಗುರ ಹೋಯ್ತು, ದೊಡ್ಡದು ಮಾಸಲಾಯ್ತು ಅಷ್ಟೇ. ಕಪ್ಪು ಕಲೆ ಬೇರೆ ಲೆಕ್ಕ, ಅದು ಮರದೊಳಗೇ ಆಗಿರೋದು. ಒಂದು ಮೂಲೇಲಿ ಅದೂ ಇತ್ತು, ಒದ್ದೆ ಕಬ್ಬಿಣದ ಬಾಣಲೆ ರಾತ್ರಿಯೆಲ್ಲ ಇಟ್ಟಿದ್ದು. ಕಬ್ಬಿಣ, ನೀರು, ಮರದ ಒಗರು ಮೂರೂ ಸೇರಿದ್ರೆ ಶಾಯಿನೇ ತಯಾರಾಗುತ್ತೆ. ಅದನ್ನ ಮೇಲಿಂದ ಎಷ್ಟು ತಿಕ್ಕಿದ್ರೂ ಪ್ರಯೋಜನ ಇಲ್ಲ.

ಸರಿ, ಪೂರ್ತಿ ಕೆತ್ತಿ ಹೊಸದಾಗಿ ಮಾಡೋದು ಅಂತಾಯ್ತು. ಈಗ ಏನು ಹಾಕೋದು ಅನ್ನೋ ಜಗಳ ಶುರು. ದೊಡ್ಡಮ್ಮಂಗೆ ಎಣ್ಣೆ ಬೇಕು, "ನಮ್ಮನೆ ಬಾಗಿಲಿಗೆ ನಿಮ್ಮಜ್ಜ ವರ್ಷಕ್ಕೊಂದ್ಸಲ ಎಣ್ಣೆ ಉಜ್ಜಿಸ್ತಿದ್ರು, ನೂರು ವರ್ಷ ಇರ್ಲಿಲ್ವ?" ಅಂತ. ಅಣ್ಣಂಗೆ ಹೋಟೆಲ್ ಲಾಬಿ ಥರ ಫಳಫಳ ಹೊಳೀಬೇಕು. ಅತ್ತಿಗೆ ಎಲ್ಲೋ ಜೇನುಮೇಣದ ವಿಡಿಯೋ ನೋಡಿದ್ರು, ಕೆಮಿಕಲ್ ಇಲ್ಲದ್ದು ಅಂತ. ಯಾರ ಮಾತೂ ಸುಳ್ಳಲ್ಲ, ಆದ್ರೆ ಬಾಗಿಲಿಗೆ ಯಾರೂ ಸಾರು ಚೆಲ್ಲಲ್ಲ. ಬಾಯಲ್ಲಿ ಹೇಳಿದ್ರೆ ಮುಗಿಯಲ್ಲ ಅಂತ, ಅಟ್ಟದಲ್ಲಿ ಅದೇ ತೊಲೆಯ ಒಂದು ಹಲಗೆ ಉಳಿದಿತ್ತು, ಅದನ್ನ ತಂದು ಒಂದೊಂದಡಿಯ ಐದು ತುಂಡು ಮಾಡ್ದೆ. ಒಂದಕ್ಕೆ ಜೇನುಮೇಣ, ಒಂದಕ್ಕೆ ಅಗಸೆ ಎಣ್ಣೆ, ಒಂದಕ್ಕೆ ಬಟ್ಟೇಲಿ ಒರೆಸಿ ಹಚ್ಚೋ ಸಿಂಗಲ್ ಪ್ಯಾಕ್ ಪಿಯು ವಾರ್ನಿಶ್, ಒಂದಕ್ಕೆ ಮೆಲಮೈನ್, ಒಂದಕ್ಕೆ ಹಾರ್ಡನರ್ ಬೆರೆಸಿ ಸ್ಪ್ರೇ ಮಾಡೋ ಟೂ ಪ್ಯಾಕ್ ಪಿಯು. ಸ್ಪಿರಿಟ್ ಪಾಲಿಶ್‌ಗೆ ಬೇರೆ ತುಂಡು ಬೇಕಿರ್ಲಿಲ್ಲ, ಟೇಬಲ್ಲೇ ಇತ್ತು. ಎನ್‌ಸಿ ಲ್ಯಾಕರ್ ಅರಗಿನ ಥರದ್ದೇ, ಬರೀ ಥಿನ್ನರ್ ಆರಿ ಗಟ್ಟಿಯಾಗೋದು, ಮತ್ತೆ ಥಿನ್ನರ್ ಕಂಡ್ರೆ ಕರಗೋದು, ಬಿಸಿಗೆ ಮೆತ್ತಗಾಗೋದು. ಅದನ್ನೂ ಬಿಟ್ಟೆ.

ಅಗಸೆ ಎಣ್ಣೆ ವಿಷಯ ಸ್ವಲ್ಪ ಹೇಳ್ಬೇಕು. ಮರಕ್ಕೆ ಎಣ್ಣೆ ಅಂದ ತಕ್ಷಣ ಮನೇಲಿರೋ ಕೊಬ್ಬರಿ ಎಣ್ಣೆ ಕಡ್ಲೆಕಾಯಿ ಎಣ್ಣೆ ಹಚ್ಚೋರಿದಾರೆ, ಅವು ಯಾವತ್ತೂ ಒಣಗಲ್ಲ, ಧೂಳು ಹಿಡಿದು ಕಮಟು ವಾಸನೆ ಬರುತ್ತೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ, ಅದಕ್ಕೇ ಅದು ಮರಕ್ಕೆ ಆಗೋದು. ಆದ್ರೆ ತೇಗದೊಳಗೆ ಅದರದೇ ಒಂದು ಜಿಡ್ಡಿದೆ, ಗೆದ್ದಲು ಬರ್ದೇ ಇರೋಕೂ ಅದೇ ಒಂದು ಕಾರಣ, ಅದು ಈ ಒಣಗೋ ಕೆಲಸಕ್ಕೆ ಅಡ್ಡ ಬರುತ್ತೆ. ಗಾಣದ ಹಸಿ ಎಣ್ಣೆ ಬಿಟ್ಟು, ಬೇಗ ಒಣಗೋ ಹಾಗೆ ಡ್ರೈಯರ್ ಸೇರಿಸಿರೋ ಡಬಲ್ ಬಾಯಿಲ್ಡ್ ಎಣ್ಣೆ ತಂದು ತೆಳ್ಳಗೆ ಮೂರು ಸಲ ಹಚ್ಚಿ ಹೆಚ್ಚಾದದ್ದನ್ನ ಒರೆಸಿದ್ರೂ ಹತ್ತು ದಿನ ಆದ್ಮೇಲೂ ಕೈ ಇಟ್ರೆ ಚೂರು ಅಂಟ್ತಿತ್ತು. ಇನ್ನೊಂದು, ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಬಿಸಾಕಬಾರದು. ಒಣಗುವಾಗ ಹುಟ್ಟೋ ಶಾಖ ಮುದ್ದೆಯೊಳಗೆ ಸೇರ್ಕೊಂಡು ತಾನಾಗೇ ಬೆಂಕಿ ಹತ್ತುತ್ತೆ, ಕಥೆ ಅಲ್ಲ, ನಿಜ. ನಾನು ಬಕೆಟ್ ನೀರಲ್ಲಿ ಮುಳುಗಿಸಿ ಇಡ್ತೀನಿ, ಇಲ್ಲಾ ಬಯಲಲ್ಲಿ ತಂತಿ ಮೇಲೆ ಬಿಡಿಸಿ ಹಾಕ್ತೀನಿ.

ನಾಲ್ಕು ವಾರ ಕಾಯ್ದೆ. ಮುಟ್ಟಿದ್ರೆ ಒಣಗಿದೆ ಅನ್ಸೋದು ಬೇರೆ, ಒಳಗೆ ಪೂರ್ತಿ ಗಟ್ಟಿಯಾಗೋದು ಬೇರೆ, ವಾರ್ನಿಶ್‌ಗಂತೂ ಅಷ್ಟು ಟೈಮ್ ಬೇಕೇ ಬೇಕು. ಒಂದೇ ವಾರಕ್ಕೆ ಪರೀಕ್ಷೆ ಮಾಡಿದ್ರೆ ಅದಕ್ಕೆ ಅನ್ಯಾಯ. ಆಮೇಲೆ ಒಂದು ಭಾನುವಾರ ಐದೂ ತುಂಡು ತಗೊಂಡು ದೊಡ್ಡಮ್ಮನ ಅಡುಗೆಮನೆಗೇ ಹೋದೆ.

ಮೊದಲು ಬಿಸಿ. ಸ್ಟೀಲ್ ಪಾತ್ರೆ ತುಂಬ ಕುದಿಯೋ ನೀರು, ಒಂದೊಂದು ತುಂಡಿನ ಮೇಲೆ ಕಾಲು ಗಂಟೆ. ಆಮೇಲೆ ಅದನ್ನೇ ಮರದ ಮೇಲೆ ಚೂರು ನೀರು ಚೆಲ್ಲಿ ಇನ್ನೊಂದ್ಸಲ, ಯಾಕಂದ್ರೆ ಬರೀ ಬಿಸಿಗಿಂತ ಬಿಸಿ ಜೊತೆ ತೇವ ಇದ್ದಾಗ ಹಾನಿ ಜಾಸ್ತಿ, ಮನೇಲೂ ಪಾತ್ರೆ ತಳ ಯಾವಾಗ್ಲೂ ಒಣಗಿರಲ್ಲ. ಜೇನುಮೇಣ ಪಾತ್ರೆ ಎತ್ತೋಕೆ ಮುಂಚೆನೇ ಸೋತಿತ್ತು. ಅದು ಕರಗೋದೇ 62-64 ಡಿಗ್ರಿಲಿ, ಪಾತ್ರೆ ಎತ್ತಿದ್ರೆ ತಳಕ್ಕೆ ಮೇಣ ಮೆತ್ಕೊಂಡು ಮರದ ಮೇಲೆ ಮಂಕು ವೃತ್ತ ಉಳೀತು. ಅತ್ತಿಗೆ ಆ ಪಾತ್ರೆ ತೊಳೆಯೋಕೆ ಪಟ್ಟ ಪಾಡಲ್ಲೇ ಮೇಣದ ಆಸೆ ಬಿಟ್ರು. ಆಶ್ಚರ್ಯ ಅಂದ್ರೆ ಅಗಸೆ ಎಣ್ಣೆದು, ಏನೂ ಆಗ್ಲಿಲ್ಲ! ಒದ್ದೆ ಮಾಡಿ ಇಟ್ಟಾಗ ಚೂರು ಬಣ್ಣ ಗಾಢ ಆಯ್ತು, ಒಣಗಿದ ಮೇಲೆ ಅದೂ ಹೋಯ್ತು. ಮೇಲೆ ಪದರ ಅಂತ ಇದ್ರೆ ತಾನೇ ಬಿಳಿಚ್ಕೊಳೋದು. ದೊಡ್ಡಮ್ಮ "ನೋಡ್ದ್ಯಾ" ಅಂತ ಎಲ್ಲರ ಮುಖ ನೋಡಿದ್ರು. ವಾರ್ನಿಶ್‌ದು ಒದ್ದೆ ಪರೀಕ್ಷೇಲಿ ತೀರಾ ತೆಳು ಉಂಗುರ ಬಂದು ಸಂಜೆ ಹೊತ್ತಿಗೆ ತಾನೇ ಮಾಯ ಆಯ್ತು. ಮೆಲಮೈನ್, ಟೂ ಪ್ಯಾಕ್ ಪಿಯು ಎರಡೂ ಕದಲಲಿಲ್ಲ.

ಆಮೇಲೆ ಸಾರು. ಒಗ್ಗರಣೆ ಎಣ್ಣೆ ತೇಲ್ತಿರೋ ಬೇಳೆಸಾರು ಎರಡೆರಡು ಚಮಚ ಹಾಕಿ ರಾತ್ರಿಯೆಲ್ಲ ಬಿಟ್ವಿ. ಇಲ್ಲಿ ದೊಡ್ಡಮ್ಮನ ಎಣ್ಣೆ ಮುಗ್ಗರಿಸ್ತು. ಅರಿಶಿನದ ಬಣ್ಣ ನೀರಲ್ಲಿ ಕರಗಲ್ಲ, ಎಣ್ಣೇಲಿ ಕರಗುತ್ತೆ, ಒಗ್ಗರಣೆ ಎಣ್ಣೆ ಅದನ್ನ ಹೊತ್ಕೊಂಡು ನೇರ ಮರದೊಳಗೆ ಇಳಿಸಿಬಿಡುತ್ತೆ. ಬೆಳಿಗ್ಗೆ ಎಣ್ಣೆ ತುಂಡಿನ ಮೇಲೂ ಮೇಣದ ತುಂಡಿನ ಮೇಲೂ ದಟ್ಟ ಹಳದಿ. ಅತ್ತಿಗೆ ಪಾತ್ರೆ ಸೋಪ್ ಹಾಕಿ ತಿಕ್ಕಿದ್ರು, ಹಳದಿ ಹೋಗಿ ಕೆಂಪಾಯ್ತು, ಹುಡುಗಿ ಹೆದರಿ "ರಕ್ತ" ಅಂದ್ಲು. ಆರತಿ ತಟ್ಟೇಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗುತ್ತಲ್ಲ, ಅದೇ ಇದು, ಸೋಪಿನ ಕ್ಷಾರಕ್ಕೆ. ಕಲೆ ಯಾವುದು ಅಂತ ಅನುಮಾನ ಇದ್ರೆ ಒಂದು ಹನಿ ಸೋಪ್ ನೀರು ಹಾಕಿ ನೋಡಿ, ಕೆಂಪಾದ್ರೆ ಅರಿಶಿನ. ಇದನ್ನ ತಿಕ್ಕಿ ತೆಗೆಯೋದಕ್ಕಿಂತ ಬಿಸಿಲಿಗೆ ಇಡೋದು ಮೇಲು, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲಲ್ಲ. ಹಾಗಂತ ಆರಡಿ ಟೇಬಲ್ ದಿನಾ ತಾರಸಿಗೆ ಹೊರೋರು ಯಾರು. ವಾರ್ನಿಶ್ ಮೇಲೆ ತೆಳು ಹಳದಿ ನಿಂತಿತ್ತು, ಮೆಲಮೈನ್ ಮತ್ತೆ ಪಿಯು ಮೇಲೆ ಹುಡುಕಿದ್ರೆ ಕಾಣೋ ಅಷ್ಟು, ಕಿಟಕಿ ಹತ್ರ ಇಟ್ಟ ಎರಡೇ ದಿನಕ್ಕೆ ಅದೂ ಹೋಯ್ತು.

ಈಗ ಉಳಿದದ್ದು ಮೆಲಮೈನ್ ಮತ್ತೆ ಟೂ ಪ್ಯಾಕ್ ಪಿಯು, ಎರಡೂ ರಾಸಾಯನಿಕವಾಗಿ ಗಟ್ಟಿಯಾಗೋವು, ಒಂದ್ಸಲ ಹಿಡಿದ್ಮೇಲೆ ಕರಗಿಸೋಕಾಗಲ್ಲ, ಅದಕ್ಕೇ ಬಿಸಿ ತಡೆಯೋದು. ವ್ಯತ್ಯಾಸ ಏನಂದ್ರೆ ಮೆಲಮೈನ್ ಗಟ್ಟಿ ಆದ್ರೆ ಗಾಜಿನ ಥರ ಗಟ್ಟಿ. ತುಂಬಿದ ಕುಕ್ಕರ್ ಅಂಚು ತಾಕಿಸಿದೆ, ಮೆಲಮೈನ್ ತುಂಡಿನ ಮೂಲೆಯಿಂದ ಉಗುರಷ್ಟು ಚಕ್ಕೆ ಎದ್ದು ಬಂತು, ಪಿಯುದು ತಗ್ಗಾಯ್ತೇ ಹೊರತು ಬಿಡಲಿಲ್ಲ. ಜೊತೆಗೆ ಮೆಲಮೈನ್ ಹೊಡೆದ ಮೇಲೆ ಕಣ್ಣು ಉರಿಸೋ ವಾಸನೆ ಕೆಲವು ವಾರ ಇರುತ್ತೆ, ಅದು ಫಾರ್ಮಾಲ್ಡಿಹೈಡ್, ದೊಡ್ಡಪ್ಪಂಗೆ ಉಬ್ಬಸ ಬೇರೆ. ಹಾಗಾಗಿ ಪಿಯು ಅಂತ ತೀರ್ಮಾನ ಆಯ್ತು. ಆದ್ರೆ ಅದನ್ನ ಮನೇಲಿ ಹೊಡೆಯೋ ಪ್ರಶ್ನೆನೇ ಇಲ್ಲ, ಅದರ ಹಾರ್ಡನರ್‌ನಲ್ಲಿರೋ ಐಸೋಸಯನೇಟ್ ಸ್ಪ್ರೇ ಮಂಜಿನಲ್ಲಿ ಉಸಿರಿಗೆ ಹೋದ್ರೆ ಆರೋಗ್ಯವಾಗಿರೋರಿಗೇ ಉಬ್ಬಸ ಹತ್ತಿಸುತ್ತೆ, ಬಟ್ಟೆ ಕಟ್ಕೊಂಡ್ರೆ ಏನೂ ತಡೆಯಲ್ಲ, ಆವಿ, ಮಂಜು ಎರಡನ್ನೂ ಹಿಡಿಯೋ ಕಾರ್ಟ್ರಿಜ್ ಮಾಸ್ಕೇ ಬೇಕು. ಅಣ್ಣ ನಾನು ಸೇರಿ ಟೇಬಲ್ ಮೇಲಿನ ಹಲಗೆ ಬಿಚ್ಚಿ ಶೆಡ್‌ಗೆ ಸಾಗಿಸಿದ್ವಿ. ಕಾಲುಗಳನ್ನ ಅಲ್ಲೇ ಬಿಟ್ವಿ! ಕಾಲಿಗೆ ಯಾರು ಸಾರು ಬಡಿಸ್ತಾರೆ, ಅವಕ್ಕೆ ಹಳೇ ಸ್ಪಿರಿಟ್ ಪಾಲಿಶೇ ಚೆನ್ನಾಗಿತ್ತು, ಮೇಲೆ ಒಂದು ಕೈ ಮೇಣ ಉಜ್ಜಿದ್ರೆ ಸಾಕು. ಅತ್ತಿಗೆಯ ಮೇಣಕ್ಕೂ ಒಂದು ಜಾಗ ಸಿಕ್ತು.

ಕೆತ್ತೋ ಕೆಲಸ ಡಿಸೆಂಬರಲ್ಲಿ ಹಿಡಿದ್ವಿ, ಬೇಕಂತಲೇ ಮಳೆ ಕಳೆದ ಮೇಲೆ. ಹಾರ್ಡನರ್‌ಗೆ ತೇವ ಆಗಲ್ಲ, ಒದ್ದೆ ಹವೇಲಿ ಹೊಡೆದ್ರೆ ಪದರದೊಳಗೆ ಗುಳ್ಳೆ ಏಳುತ್ತೆ. ಸ್ಪಿರಿಟ್ ಅದ್ದಿದ ಬಟ್ಟೆ ಹಾಸಿ ಮೇಲೆ ಪ್ಲಾಸ್ಟಿಕ್ ಮುಚ್ಚಿ ಹತ್ತು ನಿಮಿಷ ಬಿಟ್ರೆ ಅರಗು ಜೆಲ್ಲಿ ಥರ ಆಗುತ್ತೆ, ಕೆತ್ತೋ ಪಟ್ಟಿಯಿಂದ ಎಳೆದ್ರೆ ಬರುತ್ತೆ. ಇದನ್ನ ಚೊಕ್ಕ ತೆಗೀಲೇಬೇಕು, ಯಾಕಂದ್ರೆ ಅಂಗಡೀಲಿ ಸಿಗೋ ಮಾಮೂಲಿ ಅರಗಲ್ಲಿ ಅದರದೇ ಮೇಣ ಇರುತ್ತೆ, ಅದರ ಮೇಲೆ ಪಿಯು ಹಿಡಿಯಲ್ಲ. ಕಬ್ಬಿಣದ ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ಒಂದು ಚಮಚ ಒಂದು ಲೋಟ ಬಿಸಿ ನೀರಲ್ಲಿ ಕರಗಿಸಿ, ಗ್ಲೌಸ್ ಹಾಕ್ಕೊಂಡು ಬ್ರಷ್‌ನಲ್ಲಿ ಹಚ್ಚಿದೆ, ವಿಷ ಅದು, ಮಕ್ಕಳ ಕೈಗೆ ಸಿಗೋ ಹಾಗಿಲ್ಲ. ಅರ್ಧ ಗಂಟೇಲಿ ಕಪ್ಪು ಹೋಗಿ ಮರದ ಬಣ್ಣ ಬಂತು. ಎರಡು ಮೂರು ಸಲ ನೀರಲ್ಲಿ ತೊಳೆದು ಎರಡು ದಿನ ಒಣಗಿಸಿ, 120, 180, 220 ನಂಬರ್ ಎಮರಿ ಪೇಪರಲ್ಲಿ ಮರದ ಎಳೆ ಉದ್ದಕ್ಕೆ ಉಜ್ಜಿದ್ವಿ.

ಸ್ಪ್ರೇ ಶುರು ಮಾಡೋ ಮುಂಚೆ ಹಲಗೇನ ಪಿಯು ಥಿನ್ನರಲ್ಲಿ ಒರೆಸಿದ್ವಿ, ಬಿಳಿ ಬಟ್ಟೆ ಹಳದಿಗಟ್ಟಿದ ಕಂದು ಆಯ್ತು, ಅದೇ ತೇಗದ ಜಿಡ್ಡು. ಒರೆಸಿ ತಡ ಮಾಡಿದ್ರೆ ಒಳಗಿಂದ ಮತ್ತೆ ಮೇಲೆ ಬರುತ್ತೆ, ಅದಕ್ಕೇ ಅದು ಆರ್ತಿದ್ದ ಹಾಗೇ ಸೀಲರ್, ಅಂದ್ರೆ ಮರದ ರಂಧ್ರ ಮುಚ್ಚೋ ಮೊದಲ ಕೋಟ್. ನಮ್ಮ ಪಾಲಿಶ್ ಮೇಸ್ತ್ರಿ ಒಳ್ಳೇ ಕೈಗಾರ, ಆದ್ರೆ ಹಾರ್ಡನರ್ ಕಣ್ಣಂದಾಜಲ್ಲಿ ಸುರೀತಾರೆ. "ಬಿಡಿ ಸಾರ್, ಇಪ್ಪತ್ತು ವರ್ಷದಿಂದ ಮಾಡ್ತಿದೀನಿ" ಅಂದ್ರು. ಜಗಳ ಬೇಡ ಅಂತ ಅಳತೆ ಲೋಟ ನಾನೇ ಹಿಡ್ಕೊಂಡು ಡಬ್ಬದ ಮೇಲಿದ್ದ ಪ್ರಮಾಣಕ್ಕೇ ಬೆರೆಸಿದೆ. ಕಮ್ಮಿ ಆದ್ರೆ ಪದರ ಮೆತ್ತಗೇ ಉಳ್ದು ಬಿಸಿಗೆ ಅಂಟುತ್ತೆ, ಅಷ್ಟೆಲ್ಲ ಮಾಡಿ ಮತ್ತೆ ಸ್ಪಿರಿಟ್ ಪಾಲಿಶ್ ಗತಿನೇ. ಜಾಸ್ತಿ ಆದ್ರೆ ಬಿರುಕು ಬಿಡುತ್ತೆ. ಥಿನ್ನರೂ ಪಿಯುದೇ ಬೇಕು, ಎನ್‌ಸಿ ಥಿನ್ನರಲ್ಲಿ ಆಲ್ಕೋಹಾಲ್ ಇರುತ್ತೆ, ಅದು ಹಾರ್ಡನರನ್ನೇ ತಿಂದುಬಿಡುತ್ತೆ.

ಸೀಲರ್ ಎರಡು ಕೈ, ಮಧ್ಯೆ 320 ಪೇಪರ್, ಆಮೇಲೆ ಮ್ಯಾಟ್ ಟಾಪ್ ಕೋಟ್ ಎರಡು ಕೈ. ಹಲಗೆಯ ಕೆಳಮೈಗೂ ಸೀಲರ್ ಹೊಡೆದ್ವಿ, ಒಂದೇ ಮಗ್ಗುಲು ಮುಚ್ಚಿದ್ರೆ ಇನ್ನೊಂದು ಮಗ್ಗುಲು ಮಳೆಗಾಲದಲ್ಲಿ ತೇವ ಎಳ್ಕೊಂಡು ಹಲಗೆ ಬಾಗುತ್ತೆ, ಇದನ್ನ ಮೊದಲಿನವರು ಮಾಡಿರ್ಲಿಲ್ಲ. ಮ್ಯಾಟ್ ಯಾಕೆ ಅಂತ ಅಣ್ಣ ಕೊನೇವರೆಗೂ ಗೊಣಗ್ತಿದ್ದ. ಫಳಫಳ ಹೊಳೆಯೋ ಮೈ ಮೇಲೆ ಸ್ಟೀಲ್ ತಟ್ಟೆ ಎಳೆದ ಒಂದೊಂದು ಗೀರೂ ಟ್ಯೂಬ್‌ಲೈಟ್ ಬೆಳಕಲ್ಲಿ ಎದ್ದು ಕಾಣುತ್ತೆ, ಅದಕ್ಕೆ. ಮೂರನೇ ದಿನ ಮನೆಗೆ ಸಾಗಿಸಿದ್ವಿ, ಎರಡು ವಾರ ಬಿಸಿದು ಇಡಬೇಡಿ ಅಂತ ಹೇಳಿದ್ದೆ, ದೊಡ್ಡಮ್ಮ ನನ್ನ ನಂಬದೆ ಮೂರು ವಾರ ನೆಲದ ಮೇಲೇ ಎಲ್ಲರಿಗೂ ಬಡಿಸಿದ್ರಂತೆ.

ಖರ್ಚು ಸ್ಪಿರಿಟ್ ಪಾಲಿಶ್‌ಗೆ ಕೊಟ್ಟಿದ್ದರ ಎರಡರಷ್ಟಕ್ಕಿಂತ ಜಾಸ್ತಿನೇ ಆಯ್ತು. ಈಗ ಏಳು ತಿಂಗಳು. ಉಂಗುರ ಇಲ್ಲ. ಮಕ್ಕಳು ಕೂರೋ ಜಾಗದಲ್ಲಿ ಕೈ ಉಜ್ಜಿ ಉಜ್ಜಿ ಮ್ಯಾಟ್ ಮೈ ಚೂರು ಹೊಳಪು ಬಂದಿದೆ, ಅದು ಹಾಗೇ ಆಗೋದು. ಕೈವಾರದ ಮೊನೆಯಿಂದ ಹುಡುಗ ಒಂದು ಆಳವಾದ ಗೀರು ಹಾಕಿದಾನೆ, ಮತ್ತೆ ಇಲ್ಲೇ ಪಿಯುವಿನ ದೊಡ್ಡ ಕೊರತೆ ಇರೋದು. ಸ್ಪಿರಿಟ್ ಪಾಲಿಶ್ ಆಗಿದ್ರೆ ಅಷ್ಟೇ ಜಾಗಕ್ಕೆ ಒಂದು ಕೈ ಎಳೆದ್ರೆ ಹಳೇದು ಹೊಸದು ಕರಗಿ ಒಂದಾಗ್ತಿತ್ತು, ಎಣ್ಣೆ ಆಗಿದ್ರೆ ಉಜ್ಜಿ ಮತ್ತೆ ಹಚ್ಚಿದ್ರೆ ಮುಗೀತಿತ್ತು. ಪಿಯುಗೆ ತೇಪೆ ಹಾಕಿದ್ರೆ ತೇಪೆ ಅಂತಲೇ ಕಾಣುತ್ತೆ, ಸರಿಯಾಗಿ ಮಾಡ್ಬೇಕಂದ್ರೆ ಇಡೀ ಹಲಗೆ ಉಜ್ಜಿ ಮತ್ತೆ ಸ್ಪ್ರೇ. ಅದಕ್ಕೇ ಇಬ್ಬರೇ ಇರೋ ಮನೆ, ಚೆಲ್ಲಿದ್ದು ತಕ್ಷಣ ಒರೆಸೋ ಜನ, ಆರು ತಿಂಗಳಿಗೊಮ್ಮೆ ಎಣ್ಣೆ ಉಜ್ಜೋ ತಾಳ್ಮೆ ಇದ್ರೆ ನಾನೇ ಎಣ್ಣೆ ಹಾಕ್ಸಿ ಅಂತೀನಿ. ಸ್ಪ್ರೇ ಮಾಡೋರು ಸಿಗದ ಊರಲ್ಲಿ ಒರೆಸೋ ವಾರ್ನಿಶ್ ನಾಲ್ಕೈದು ಕೈ ಹಚ್ಚಿ ಒಂದು ತಿಂಗಳು ಕಾದ್ರೆ ಅದೂ ಪರವಾಗಿಲ್ಲ. ಆರು ಜನ, ಎರಡು ಮಕ್ಕಳು, ದಿನಾ ಸಾರು ಅಂದ್ರೆ ಮಾತ್ರ ಪಿಯು.

ಇನ್ನು ವಡೆ ಕರಿದ ಬಾಣಲೆ ಒಲೆಯಿಂದ ನೇರ ತಂದಿಟ್ರೆ ಪಿಯುನೂ ತಡೆಯಲ್ಲ, ಕಾದ ಎಣ್ಣೆ 170-180 ಡಿಗ್ರಿ ಇರುತ್ತೆ. ಅದಕ್ಕೆ ದೊಡ್ಡಮ್ಮ ತಾವೇ ಉಪಾಯ ಮಾಡ್ಕೊಂಡಿದಾರೆ. ಪರೀಕ್ಷೆಯ ಐದು ತುಂಡಲ್ಲಿ ಅಗಸೆ ಎಣ್ಣೆದು ಮಾತ್ರ ಎತ್ತಿಟ್ಕೊಂಡು, ಕೆಳಗೆ ನಾಲ್ಕು ರಬ್ಬರ್ ಬುಶ್ ಹೊಡೆಸಿ, ಬಿಸಿ ಪಾತ್ರೆ ಇಡೋ ಮಣೆ ಮಾಡಿ ಟೇಬಲ್ ಮಧ್ಯದಲ್ಲಿ ಇಟ್ಟಿದಾರೆ. ಆ ಅರಿಶಿನದ ಕಲೆ ಅದರ ಮೇಲೆ ಇನ್ನೂ ಇದೆ. ಊಟಕ್ಕೆ ಹೋದಾಗೆಲ್ಲ ಸಾರಿನ ಪಾತ್ರೆ ಅದರ ಮೇಲೆ ಇಡ್ತಾ ನನ್ನ ಮುಖ ನೋಡ್ತಾರೆ.